ನಾಲ್ಕನೆಯ ನಿಯಮ

ಪತ್ರ ಬರೆಯುವುದರಲ್ಲಿ ನನಗೆ ಹೆಸರಿತ್ತು. ಜಯನಗರದ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷ ಗಣಿತ ಕಲಿಸಿ, ಆಮೇಲೆ ಹನ್ನೊಂದು ವರ್ಷ ಅಲ್ಲೇ ಪ್ರಿನ್ಸಿಪಾಲಳಾಗಿದ್ದೆ. ಪೋಷಕರಿಗೆ ಕಳಿಸುವ ಸುತ್ತೋಲೆ ಒಂದು ಪುಟ ದಾಟಬಾರದು, ನಿಯಮಗಳಿಗೆ ಸಂಖ್ಯೆ ಇರಬೇಕು, ಕೆಳಗೆ ಕತ್ತರಿಸಿ ಕೊಡುವ ಚೀಟಿಯಲ್ಲಿ ತಂದೆ ಅಥವಾ ತಾಯಿ ಸಹಿ ಹಾಕಿ ಮರುದಿನವೇ ವಾಪಸು ಕಳಿಸಬೇಕು. ಇದು ನನ್ನ ಪದ್ಧತಿ. ಚೀಟಿ ತರದ ಮಗುವಿನ ಹೆಸರು ಮೂರನೇ ಪೀರಿಯಡ್ಡಿನೊಳಗೆ ನನ್ನ ಮೇಜಿನ ಮೇಲಿರುತ್ತಿತ್ತು. ಈ ಪದ್ಧತಿಯಿಂದ ಶಾಲೆ ನೆಟ್ಟಗೆ ನಡೆಯಿತು. ಅದೇ ಪದ್ಧತಿಯಿಂದ ಒಬ್ಬ ಹುಡುಗಿಗೆ ಆದದ್ದನ್ನು ಈಗ ಬರೆಯುತ್ತಿದ್ದೇನೆ.

ಹೊಸ ಶತಮಾನ ಶುರುವಾಗಿ ಏಳೆಂಟು ವರ್ಷವಾಗಿತ್ತು. ಕ್ಯಾಮೆರಾ ಇರುವ ಫೋನು ಮಕ್ಕಳ ಕೈಗೂ ಬಂದಿತ್ತು. ಜನವರಿಯ ಒಂದು ಸೋಮವಾರ, ಪ್ರಾರ್ಥನೆ ಮುಗಿದ ಮೇಲೆ ಹತ್ತನೇ ತರಗತಿಯ ಹುಡುಗಿಯೊಬ್ಬಳು ನನ್ನ ಕೋಣೆಗೆ ಬಂದಳು. ಕತ್ರಿಗುಪ್ಪೆಯವಳು. ಅವಳ ತಂದೆಯ ಕಡೆಯವರು ಅಲ್ಲಿ ಹಿಂದೆ ರಾಗಿ ಬೆಳೆಯುತ್ತಿದ್ದವರು. ಈಗ ಆ ನೆಲದಲ್ಲಿ ಮೂರು ಮಹಡಿಯ ಕಟ್ಟಡ, ಕೆಳಗೆ ಅಂಗಡಿ, ಮಧ್ಯದಲ್ಲಿ ಬಾಡಿಗೆಯವರು, ಮೇಲೆ ಇವರು. ಆ ಮನೆಯಲ್ಲಿ ಹತ್ತನೇ ತರಗತಿ ಬರೆಯಲಿದ್ದ ಮೊದಲ ಹೆಣ್ಣು ಅವಳು. ಲೆಕ್ಕದಲ್ಲಿ ಚುರುಕು. ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಳ್ಳುವುದಾಗಿ ನನಗೆ ಹೇಳಿದ್ದಳು. ತಂದೆ "ಮೊದ್ಲು ಪಾಸಾಗು, ಆಮೇಲೆ ನೋಡಾಣ" ಎಂದಿದ್ದರಂತೆ. ಅಷ್ಟನ್ನೇ ಅವಳು ಒಪ್ಪಿಗೆಯೆಂದು ಹಿಡಿದುಕೊಂಡಿದ್ದಳು.

"ಮೇಡಂ, ನಂದೊಂದು ಫೋಟೋ ಓಡಾಡ್ತಿದೆ" ಎಂದಳು.

"ಯಾವ ಫೋಟೋ?"

"ಮದ್ವೆ ಫೋಟೋ, ಮೇಡಂ. ನನ್ ಮದ್ವೆ ಫೋಟೋ."

ನಾನು ಪೆನ್ನು ಕೆಳಗಿಟ್ಟೆ. ಅವಳು ಅಳಲಿಲ್ಲ. ಕ್ಲಾಸಿನ ಇನ್ನೊಬ್ಬ ಹುಡುಗನ ಹುಟ್ಟುಹಬ್ಬಕ್ಕೆ ಯಾರೋ ತಮಾಷೆಗೆ ಮಾಡಿದ್ದಾರೆ, ಅವನೂ ತಾನೂ ಹಾರ ಹಾಕಿಕೊಂಡು ಮಂಟಪದಲ್ಲಿ ನಿಂತ ಹಾಗೆ, ಬಸ್‌ಸ್ಟಾಪಿನಲ್ಲಿ ಫೋನಿನಿಂದ ಫೋನಿಗೆ ಬ್ಲೂಟೂತ್‌ನಲ್ಲಿ ಕಳಿಸುತ್ತಿದ್ದಾರೆ ಎಂದು ಕ್ರಮವಾಗಿ ಹೇಳಿದಳು. ಆಮೇಲೆ ಒಂದೇ ಮಾತು ಕೇಳಿದಳು.

"ಅಪ್ಪಂಗೆ ಗೊತ್ತಾಗ್ಬಾರ್ದು ಮೇಡಂ. ಗೊತ್ತಾದ್ರೆ ಎಕ್ಸಾಮ್ ಬರ್ಯಕ್ಕೆ ಬಿಡಲ್ಲ."

"ನಿನ್ನ ಹೆಸರು ಎಲ್ಲೂ ಬರೋದಿಲ್ಲ. ನಾನು ನೋಡ್ಕೋತೀನಿ, ಕ್ಲಾಸಿಗೆ ಹೋಗು" ಎಂದೆ. ಅವಳು ನಂಬಿದಳು. ಅಲ್ಲಿಯವರೆಗೆ ನಾನು ಮಕ್ಕಳಿಗೆ ಕೊಟ್ಟ ಮಾತು ತಪ್ಪಿರಲಿಲ್ಲ.

ಮಾಡಿದವರು ಯಾರೆಂದು ಹುಡುಕುವುದಕ್ಕೆ ಒಂದು ದಿನವೂ ಬೇಕಾಗಲಿಲ್ಲ. ನಮ್ಮ ಕಂಪ್ಯೂಟರ್ ಟೀಚರ್ ಬಾಗಲಕೋಟೆ ಕಡೆಯ ಹುಡುಗಿ, ಬಿಟಿಎಂ ಲೇಔಟಿನಲ್ಲಿ ಒಂದು ರೂಮು ಮಾಡಿಕೊಂಡು ಎರಡು ಬಸ್ಸು ಬದಲಿಸಿ ಬರುತ್ತಿದ್ದಳು. ಅವಳು ಲ್ಯಾಬಿನ ಯಂತ್ರಗಳನ್ನು ಒಂದೊಂದಾಗಿ ನೋಡಿ, ಮಧ್ಯಾಹ್ನ ನನ್ನನ್ನು ಕರೆದಳು.

"ಮೇಡಂ, ಚಿತ್ರ ಮಾಡಿದ ಫೈಲು ಇಲ್ಲೇ ಬಿಟ್ಟು ಹೋಗ್ಯಾನ್ರೀ. ಕೂಡ್ರಿ, ತೋರಸ್ತೀನಿ."

ಪರದೆಯ ಮೇಲೆ ಮದುವೆ ಹೆಣ್ಣು, ಗಂಡು. ಹುಡುಗಿಯ ಮುಖ ನಮ್ಮವಳದೇ. ಟೀಚರ್ ಬದಿಯಲ್ಲಿದ್ದ ಪುಟ್ಟ ಪಟ್ಟಿಯಲ್ಲಿ ಕಣ್ಣಿನ ಗುರುತೊಂದನ್ನು ಒತ್ತಿದಳು. ನಮ್ಮ ಹುಡುಗಿಯ ಮುಖ ಮಾಯವಾಗಿ, ಅದರಡಿಯಲ್ಲಿ ಯಾರೋ ಬೇರೆ ಹೆಣ್ಣುಮಗಳ ಮುಖ ಕಾಣಿಸಿತು. ಇನ್ನೊಂದು ಒತ್ತಿದಳು. ಹುಡುಗನ ಮುಖವೂ ಹೋಯಿತು.

ನಮ್ಮ ಜೀವಶಾಸ್ತ್ರದ ಹಳೆಯ ಪುಸ್ತಕದಲ್ಲಿ ಕಪ್ಪೆಯ ದೇಹವನ್ನು ಪಾರದರ್ಶಕ ಹಾಳೆಗಳಲ್ಲಿ ಒಂದರ ಮೇಲೊಂದು ಬರೆದಿರುತ್ತಿದ್ದರು. ಹಾಳೆ ತಿರುಗಿಸಿದರೆ ಚರ್ಮ ಹೋಗಿ ಕರುಳು ಕಾಣುತ್ತಿತ್ತು. ಇದೂ ಹಾಗೆಯೇ ಎಂದು ಅವಳು ವಿವರಿಸಿದಳು. ಅಡಿಯ ಪದರದಲ್ಲಿ ಯಾವುದೋ ಸ್ಟುಡಿಯೋದವರು ಇಂಟರ್ನೆಟ್ಟಿನಲ್ಲಿ ಮಾದರಿಗೆ ಹಾಕಿದ್ದ ಮದುವೆ ಫೋಟೋ. ಅದರ ಮೇಲೆ ಒಂದೊಂದು ಪದರದಲ್ಲಿ ಒಂದೊಂದು ಮುಖ. ಮುಖದ ಅಂಚನ್ನು ಮೌಸಿನಿಂದ ಸುತ್ತು ಗೆರೆ ಎಳೆದು ಕತ್ತರಿಸಿ, ಅಂಟಿಸಿ, ಅಳತೆಗೆ ಕುಗ್ಗಿಸಿ, ಸ್ವಲ್ಪ ಓರೆ ಮಾಡಿ, ಅಂಚನ್ನು ಮಸುಕಾಗಿಸಿ, ಬಣ್ಣ ಹೊಂದಿಸಿದ್ದಾನೆ. ಕಡೆಗೆ ಎಲ್ಲ ಪದರವನ್ನೂ ಒಂದು ಮಾಡಿ ಉಳಿಸಿದರೆ ಮಾಮೂಲು ಫೋಟೋ. ಫೋನುಗಳಲ್ಲಿ ಓಡಾಡುತ್ತಿದ್ದದ್ದು ಆ ಒಂದಾಗಿಸಿದ ಚಿತ್ರ. ಪದರ ಬಿಡಿಸಬಹುದಾದ ಫೈಲು ಇದೊಂದೇ.

"ಸುಳ್ಳಂತ ಗೊತ್ತಾಗೂದು ಹೆಂಗ್ರೀ ಅಂದ್ರ, ನೋಡ್ರಿ" ಎಂದು ಚಿತ್ರವನ್ನು ದೊಡ್ಡದು ಮಾಡಿದಳು. ಕೂದಲ ಸುತ್ತ ತೆಳ್ಳನೆ ನೀಲಿ ಗೆರೆ. ಮುಖದ ಮೇಲೆ ಬೆಳಕು ಎಡಗಡೆಯಿಂದ ಬಿದ್ದಿದೆ, ಸೀರೆಯ ಮೇಲೆ ಬಲಗಡೆಯಿಂದ. ಕುತ್ತಿಗೆಯ ಬಣ್ಣ ಗಲ್ಲದ ಬಣ್ಣಕ್ಕಿಂತ ಒಂದು ಮಟ್ಟ ತಿಳಿ.

ಆ ನೀಲಿ ನನಗೆ ಗುರುತು ಸಿಕ್ಕಿತು. ಐಡಿ ಕಾರ್ಡಿಗೆಂದು ಶಾಲೆಯ ಹಾಲಿನಲ್ಲಿ ನೀಲಿ ಬಟ್ಟೆ ಕಟ್ಟಿ ತೆಗೆಸಿದ್ದ ಫೋಟೋ ಅದು. ಇಡೀ ಶಾಲೆಯ ಮಕ್ಕಳ ಮುಖಗಳೂ ಲ್ಯಾಬಿನ ಯಂತ್ರಗಳಲ್ಲಿ ಬೀಗವಿಲ್ಲದ ಒಂದು ಫೋಲ್ಡರಿನಲ್ಲಿ ಕೂತಿದ್ದವು. ಅದಕ್ಕೆ ಪಾಸ್‌ವರ್ಡ್ ಹಾಕಿಸಿ ಎಂದು ಟೀಚರ್ ಆಗಸ್ಟಿನಲ್ಲೇ ಬರೆದು ಕೊಟ್ಟಿದ್ದಳು. ನಾನು "ನೋಡಿದೆ" ಎಂದು ಸಹಿ ಹಾಕಿ ಫೈಲಿಗೆ ಸೇರಿಸಿದ್ದೆ.

ಲ್ಯಾಬಿನ ರಿಜಿಸ್ಟರಿನಲ್ಲಿ ಆ ಯಂತ್ರಕ್ಕೆ ಕೂತವನ ಹೆಸರು ನೋಡಿ, ಚಿತ್ರ ಮಾಡಿದ ಹುಡುಗನನ್ನು ಕರೆಸಿದೆ. ಅದೇ ತರಗತಿಯವನು. ತಕ್ಷಣ ಒಪ್ಪಿಕೊಂಡ.

"ಕಾಮಿಡಿಗೆ ಮಾಡಿದ್ದು ಮೇಡಂ. ಅವ್ನನ್ನ ರೇಗಿಸಕ್ಕೆ. ಅವ್ಳ ಮೇಲೆ ಏನೂ ಇಲ್ಲ ಮೇಡಂ, ಅವ್ಳ ಫೋಟೋ ಕ್ಲಿಯರ್ ಆಗಿತ್ತು ಅಷ್ಟೇ."

ಒಂದು ವಾರ ಅಮಾನತು, ತಪ್ಪೊಪ್ಪಿಗೆ ಪತ್ರ. ಅಷ್ಟಕ್ಕೇ ನಿಲ್ಲಿಸಿದ್ದರೆ ಬಹುಶಃ ಮುಗಿಯುತ್ತಿತ್ತು. ಆದರೆ ನನ್ನ ಪ್ರಕಾರ ಒಂದು ತಪ್ಪು ನಡೆದರೆ ಅದಕ್ಕೊಂದು ನಿಯಮ ಇರಬೇಕು, ನಿಯಮ ಎಲ್ಲರಿಗೂ ಲಿಖಿತವಾಗಿ ತಿಳಿದಿರಬೇಕು. ಆ ಸಂಜೆಯೇ ಪೋಷಕರಿಗೆ ಪತ್ರ ಬರೆಯಲು ಕುಳಿತೆ.

ಮೊದಲ ನಿಯಮ: ಫೋನು, ಪೆನ್‌ಡ್ರೈವು ಶಾಲೆಗೆ ತರಬಾರದು. ಎರಡನೆಯದು: ಸಹಪಾಠಿಯ ಚಿತ್ರವನ್ನು ಆ ಮಗುವಿನ ಮತ್ತು ಅದರ ಪೋಷಕರ ಒಪ್ಪಿಗೆಯಿಲ್ಲದೆ ಕಂಪ್ಯೂಟರಿನಲ್ಲಿ ಬದಲಾಯಿಸಬಾರದು, ಒಬ್ಬರ ಮುಖವನ್ನು ಇನ್ನೊಬ್ಬರ ದೇಹಕ್ಕೆ ಸೇರಿಸುವುದು, ಜೊತೆಗಿಲ್ಲದವರನ್ನು ಜೊತೆಗಿರುವಂತೆ ತೋರಿಸುವುದು, ಚಿತ್ರದ ಮೇಲೆ ಬರೆಯುವುದು, ಎಲ್ಲವೂ ಇದರಲ್ಲಿ ಬರುತ್ತವೆ. ಮೂರನೆಯದು: ತಮಾಷೆಗೆ ಮಾಡಿದೆ ಎಂಬುದು ಸಮಜಾಯಿಷಿಯಲ್ಲ, ಮಾಡಿದವನಂತೆ ಹಂಚಿದವನೂ ತಪ್ಪಿತಸ್ಥ. ಈ ಮೂರನ್ನು ಇವತ್ತಿಗೂ ನಾನು ಹಾಗೆಯೇ ಬರೆಯುತ್ತೇನೆ. ಐದನೆಯದು ಶಿಕ್ಷೆಗಳ ವಿವರ.

ನಾಲ್ಕನೆಯದು ಹೀಗಿತ್ತು. "ಇಂಥ ಚಿತ್ರ ತಮ್ಮ ಮನೆಯ ಫೋನ್ ಅಥವಾ ಕಂಪ್ಯೂಟರಿನಲ್ಲಿ ಕಂಡುಬಂದಲ್ಲಿ, ಅದರ ಒಂದು ಪ್ರತಿಯನ್ನು ಮುದ್ರಿಸಿ, ಲಕೋಟೆಯಲ್ಲಿಟ್ಟು ಅಂಟಿಸಿ, ಮೂರು ದಿನದೊಳಗೆ ಕಛೇರಿಗೆ ತಲುಪಿಸತಕ್ಕದ್ದು. ನಂತರ ಚಿತ್ರವನ್ನು ಅಳಿಸತಕ್ಕದ್ದು."

ಯಾರು ಯಾರ ಹತ್ತಿರ ಚಿತ್ರ ಹೋಗಿದೆ ಎಂದು ನನಗೆ ಪಟ್ಟಿ ಬೇಕಿತ್ತು. ಪಟ್ಟಿಗೆ ಪುರಾವೆ ಬೇಕಿತ್ತು.

ಟೈಪ್ ಆದ ಪತ್ರವನ್ನು ಕಂಪ್ಯೂಟರ್ ಟೀಚರಿಗೆ ತೋರಿಸಿದೆ. ಅವಳು ನಾಲ್ಕನೆಯದರ ಮೇಲೆ ಬೆರಳಿಟ್ಟಳು.

"ಇದೊಂದು ಬ್ಯಾಡ್ರೀ ಮೇಡಂ."

"ಯಾಕಮ್ಮ? ಸಾಕ್ಷಿ ಬೇಡವಾ?"

"ಸಾಕ್ಷಿ ಲ್ಯಾಬಿನ್ಯಾಗ ಐತಲ್ರೀ. ಒಂದ್ ಕಾಪಿ ತಗೊಂಡ್ ಬರ್ರಿ ಅಂದ್ರ ಇನ್ನೊಂದ್ ಕಾಪಿ ಮಾಡ್ರಿ ಅಂದಂಗ ಆತಲ್ರೀ. ಚೀಟಿ ಕಸಗೊಂಡ್ರ ಹುಡುಗನ ಕೈ ಖಾಲಿ ಆಗ್ತೈತಿ. ಇದು ಹಂಗಲ್ರೀ. ಕೊಟ್ಟ ಮ್ಯಾಲೂ ಅವನ ಹತ್ರ ಇರತೈತಿ."

"ಅಳಿಸತಕ್ಕದ್ದು ಅಂತ ಬರೆದಿದ್ದೀನಲ್ಲ."

ಅವಳು ನನ್ನ ಮುಖ ನೋಡಿ, "ನಿಮಗ ತಿಳೀತೈತ್ರಿ" ಎಂದಳು. ಅದು ಒಪ್ಪಿಗೆಯಲ್ಲ ಎಂದು ನನಗೆ ಅರ್ಥವಾಯಿತು. ಇಪ್ಪತ್ತಾರು ವರ್ಷದ ಹುಡುಗಿ ನನಗೆ ಶಿಸ್ತು ಹೇಳಿಕೊಡುತ್ತಾಳಾ ಎಂದು ಮನಸ್ಸಿನಲ್ಲಿ ಬಂದದ್ದನ್ನೂ ಇಲ್ಲಿ ದಾಖಲಿಸಬೇಕು. ನೀಲಿ ಬಟ್ಟೆಯ ಫೋಟೋಗಳು ನಮ್ಮ ಲ್ಯಾಬಿನಿಂದಲೇ ಹೋದವು ಎಂಬ ವಾಕ್ಯವನ್ನು ನಾನು ಪತ್ರದಲ್ಲಿ ಬರೆಯಲೂ ಇಲ್ಲ.

ಬುಧವಾರ ಕೊನೆಯ ಪೀರಿಯಡ್ಡಿನಲ್ಲಿ ಪತ್ರ ಹಂಚಿದೆವು. ಗುರುವಾರ ಎಲ್ಲ ಚೀಟಿಗಳೂ ಸಹಿಯಾಗಿ ಬಂದವು. ಪತ್ರದಲ್ಲಿ ಹುಡುಗಿಯ ಹೆಸರಿರಲಿಲ್ಲ, ತರಗತಿ ಇರಲಿಲ್ಲ, ಮದುವೆ ಎಂಬ ಪದವೂ ಇರಲಿಲ್ಲ. ನಾನು ತೃಪ್ತಳಾಗಿದ್ದೆ.

ಆದರೆ ಮನೆಗಳಲ್ಲಿ ಆದದ್ದೇ ಬೇರೆ. "ಯಾವ ಫೋಟೋನೋ ಅದು?" ಎಂದು ಅಪ್ಪ ಅಮ್ಮ ಕೇಳಿದರು. ನೋಡದ ಮಕ್ಕಳು ನೋಡಿದವರಿಂದ ತರಿಸಿಕೊಂಡರು. ಎಂಟನೇ ತರಗತಿಯವರ ಫೋನಿಗೂ ಹೋಯಿತು. ಸೋಮವಾರ ಹತ್ತು ಹನ್ನೆರಡು ಹುಡುಗರ ಬಳಿ ಇದ್ದ ಚಿತ್ರ, ಶುಕ್ರವಾರ ಲಕೋಟೆಗಳಲ್ಲಿ ನನ್ನ ಮೇಜಿನ ಮೇಲೆ ಒಂದು ಅಡಿ ಎತ್ತರ ಕೂತಿತ್ತು. ಪೋಷಕರು ಅಷ್ಟು ವಿಧೇಯರಾಗಿದ್ದರು. ಕೆಲವರು ಲಕೋಟೆಯ ಮೇಲೆ "ಗೌಪ್ಯ" ಎಂದು ಬರೆದು ಕೆಳಗೆ ಗೆರೆ ಎಳೆದಿದ್ದರು. ಒಂದು ಲಕೋಟೆ ತೆರೆದು ನೋಡಿದೆ. ಗಾಬರಿಯಾಯಿತು. ಕೈಯಗಲದ ಹೊಳಪು ಕಾಗದದ ಮೇಲೆ ಆ ನೀಲಿ ಗೆರೆ ಇರಲಿಲ್ಲ. ಪರದೆಯ ಮೇಲೆ ಸುಳ್ಳಾಗಿ ಕಂಡದ್ದು ಅಚ್ಚಿನಲ್ಲಿ ನಿಜವಾಗಿತ್ತು.

ಶನಿವಾರ ಬೆಳಿಗ್ಗೆ ಹುಡುಗಿಯ ತಂದೆ ಬಂದರು. ಬಿಳಿ ಷರ್ಟು, ಬಿಳಿ ಪಂಚೆ, ದೊಡ್ಡ ಆಳು. ಕುರ್ಚಿ ತೋರಿಸಿದರೂ ಕೂರಲಿಲ್ಲ. ಜೇಬಿನಿಂದ ಎರಡು ಫೋಟೋ ತೆಗೆದು ಮೇಜಿನ ಮೇಲೆ ಅಂಗಾತ ಇಟ್ಟರು.

"ನಮ್ ಬಿಲ್ಡಿಂಗ್ ಕೆಳ್ಗಡೆ ಫೋಟೋ ಸ್ಟುಡಿಯೋ ಐತೆ ಮೇಡಂ. ನಮ್ ಬಾಡಿಗೆಯವ್ನೇ. ಮೊನ್ನೆ ಯಾರೋ ಆಂಟಿ ಬಂದು, ಸ್ಕೂಲಿಗ್ ಕೊಡ್ಬೇಕು, ಒಂದು ಪ್ರಿಂಟ್ ಹಾಕು ಅಂದ್ಲಂತೆ. ಒಂದೆಲ್ಲ ಹಾಕಲ್ಲಾ ಮೇಡಂ, ಮಿನಿಮಮ್ ನಾಲ್ಕು ಅಂದವ್ನೆ. ಆಯಮ್ಮ ಎರಡು ತಗೊಂಡು, ಉಳಿದಿದ್ದು ನಂಗೆ ಬ್ಯಾಡ ಅಂತ ಬಿಟ್ಟೋಗವ್ಳೆ. ಇವ್ನು ಅದನ್ ಹಿಡ್ಕಂಡು ಮೇಲಕ್ ಬಂದ. ಯಜಮಾನ್ರೇ, ಮಗೂ ಮದ್ವೆ ಮಾಡ್ಬಿಟ್ರಾ, ನಮ್ಗೆ ಆರ್ಡರ್ರೂ ಕೊಡ್ಲಿಲ್ಲ, ಊಟಕ್ಕೂ ಕರೀಲಿಲ್ಲ ಅಂತ ನಗಾಡ್ದ. ನಮ್ಮಣ್ಣ ತಮ್ಮಂದಿರೆಲ್ಲ ಅಲ್ಲೇ ಕುಂತಿದ್ರು."

ಸ್ಟುಡಿಯೋದವನಿಗೆ ಕೈಗೆ ಬಂದ ಚಿತ್ರವನ್ನು ಹಾಗೇ ಅಚ್ಚು ಹಾಕುವ ಅಭ್ಯಾಸವಿರಲಿಲ್ಲ. ಯಾವ ಸ್ಟುಡಿಯೋದವರಿಗೂ ಇರುವುದಿಲ್ಲ. ಬಣ್ಣ ಸರಿಮಾಡುತ್ತಾರೆ, ಮುಖದ ಮೇಲಿನ ಕಲೆ ಅಳಿಸುತ್ತಾರೆ, ನೆರಳು ತಿಳಿ ಮಾಡುತ್ತಾರೆ. ಗಿರಾಕಿ ಕೇಳದಿದ್ದರೂ ಮಾಡುವ ಸೇವೆ ಅದು. ಅವನು ನೀಲಿ ಗೆರೆಯನ್ನು ಕಲೆಯೆಂದುಕೊಂಡು ಒರೆಸಿದ್ದ. ಕುತ್ತಿಗೆಗೂ ಗಲ್ಲಕ್ಕೂ ಬಣ್ಣ ಹೊಂದಿಸಿದ್ದ. ಆ ಹೆಂಗಸು ಅಲ್ಲಿಂದ ಒಯ್ದ ಎರಡು ಫೋಟೋಗಳಲ್ಲಿ ಒಂದು ನಾನು ತೆರೆದ ಲಕೋಟೆಯಲ್ಲಿತ್ತು.

"ಇದು ಸುಳ್ಳು ಚಿತ್ರ. ನಿಮ್ಮ ಮಗಳ ತಪ್ಪು ಏನೂ ಇಲ್ಲ" ಎಂದೆ.

"ನಿಮ್ ಲೆಟರ್‌ಗೆ ನಾನೇ ಸೈನ್ ಹಾಕಿದ್ದೆ ಮೇಡಂ. ಯಾರ ಮಗೂಗೆ ಹಿಂಗಾಗೈತೋ ಪಾಪ ಅಂತ ಮನೇವ್ಳಿಗೂ ಹೇಳ್ದೆ."

ಅವರನ್ನು ಲ್ಯಾಬಿಗೆ ಕರೆದುಕೊಂಡು ಹೋದೆ. ಟೀಚರ್ ಸ್ಟೂಲು ಎಳೆದು ಹಾಕಿದಳು, ಅಲ್ಲಿ ಕೂತರು. ಅವಳು ಪದರಗಳನ್ನು ಒಂದೊಂದಾಗಿ ತೆಗೆದು ತೋರಿಸಿದಳು. ಮಗಳ ಮುಖ ಹೋಯಿತು, ಬೇರೆಯವಳ ಮುಖ ಬಂತು. ಮತ್ತೆ ಮಗಳ ಮುಖ ಬಂತು. ಐಡಿ ಕಾರ್ಡಿನ ಮೂಲ ಫೋಟೋವನ್ನು ಪಕ್ಕದಲ್ಲಿಟ್ಟು, ಎರಡರಲ್ಲೂ ಕಿವಿಯ ಹತ್ತಿರ ಅದೇ ಬಿಡಿ ಕೂದಲು, ಅದೇ ನಗು ಎಂದು ತೋರಿಸಿದಳು. "ನೋಡ್ರೀ ಸಾಹೇಬ್ರ, ಈ ಸೀರಿ ಉಟ್ಟಾಕಿ ನಿಮ್ಮ ಮಗಳಲ್ಲ" ಎಂದಳು.

ಅವರು ಬಹಳ ಹೊತ್ತು ನೋಡಿದರು. "ಇನ್ನೊಂದ್ ಸಲ ತೆಗೀರಮ್ಮ" ಎಂದು ಮತ್ತೆ ನೋಡಿದರು. ಆಮೇಲೆ ಎದ್ದರು.

"ನಂಗೆ ಅರ್ಥ ಆಯ್ತಮ್ಮ. ನಾನು ಏಳ್ನೇ ಕ್ಲಾಸು, ಆದ್ರೂ ಅರ್ಥ ಆಯ್ತು. ಆದ್ರೆ ನಮ್ ನೆಂಟ್ರನ್ನೆಲ್ಲ ಒಬ್ಬೊಬ್ರನ್ನಾಗಿ ಇಲ್ಲಿಗ್ ಕರ್ಕಂಬಂದು ತೋರ್ಸಕ್ಕಾಗತ್ತಾ? ಅವ್ರ ಕೈಗೆ ಫೋಟೋ ಬಂದೈತೆ. ಈ ಕಣ್ಣು ಒತ್ತೋ ಯಂತ್ರ ಬಂದಿಲ್ವಲ್ಲ."

ಸೋಮವಾರದಿಂದ ಹುಡುಗಿ ಶಾಲೆಗೆ ಬರಲಿಲ್ಲ.

ಚಿತ್ರದಲ್ಲಿ ಗಂಡಾಗಿ ನಿಂತಿದ್ದ ಹುಡುಗನ ಮನೆಯವರಿಗೂ ಹೇಳಿಕಳಿಸಿದ್ದೆ. ಅವನ ತಾಯಿ ಬಂದು ಫೋಟೋ ನೋಡಿ ಬಾಯಿಗೆ ಸೆರಗು ಹಿಡಿದು ನಕ್ಕರು. "ನೋಡಿ ಮೇಡಂ, ಹೋಮ್‌ವರ್ಕ್ ಮಾಡು ಅಂದ್ರೆ ಮಾಡಲ್ಲ, ಮದ್ವೆ ಮಾಡ್ಕೊಂಡು ನಿಂತಿದ್ದಾನೆ" ಎಂದರು. ಮರುದಿನವೂ ಅವನು ಕ್ಲಾಸಿಗೆ ಬಂದ. ಅಮಾನತು ಮುಗಿಸಿ ಚಿತ್ರ ಮಾಡಿದವನೂ ಬಂದ, ಪೂರ್ವಸಿದ್ಧತಾ ಪರೀಕ್ಷೆಗೂ ಕೂತ. ಒಂದೇ ಚಿತ್ರಕ್ಕೆ ಸೇರಿದ ಮೂವರು ಮಕ್ಕಳಲ್ಲಿ ಏನೂ ಮಾಡದವಳ ಬೆಂಚು ಮಾತ್ರ ಖಾಲಿಯಾಯಿತು.

ಹಾಲ್ ಟಿಕೆಟ್‌ಗಳು ಬಂದ ದಿನ ಅವಳದನ್ನು ಪರ್ಸಿನಲ್ಲಿಟ್ಟುಕೊಂಡು ಆಟೋ ಹತ್ತಿ ಕತ್ರಿಗುಪ್ಪೆಗೆ ಹೋದೆ. ಸ್ಟುಡಿಯೋದ ಪಕ್ಕದ ಮೆಟ್ಟಿಲು ಹತ್ತಿದರೆ ಅವರ ಮನೆ. ತಾಯಿ ಬಾಗಿಲು ತೆಗೆದು, ಒಳಗೆ ಕೂರಿಸಿ, ಮಜ್ಜಿಗೆ ಕೊಟ್ಟರು. ತಂದೆ ಎದುರಿಗೆ ಬಂದು ಕೂತರು. ಹುಡುಗಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು.

"ಮೂರು ಗಂಟೆ ಪರೀಕ್ಷೆ, ಆರು ದಿನ. ನಾನೇ ಕರ್ಕೊಂಡು ಹೋಗಿ ನಾನೇ ಬಿಡ್ತೀನಿ. ಫಸ್ಟ್ ಕ್ಲಾಸ್ ಬರೋ ಹುಡುಗಿ" ಎಂದೆ.

"ನಿಮ್ ಮೇಲೆ ನಂಗೆ ಸಿಟ್ಟಿಲ್ಲ ಮೇಡಂ" ಎಂದರು ತಂದೆ. "ಆದ್ರೆ ಸೆಂಟರಲ್ಲಿ ಐದಾರು ಸ್ಕೂಲಿನ ಮಕ್ಳು ಇರ್ತಾರೆ. ಅವ್ಳೇ ನೋಡ್ರೋ ಅಂತ ಒಬ್ಬ ಅಂದ್ರೆ ಸಾಕು. ಅವ್ಳ ಸೋದರ್ಮಾವನ ಕಡೆಯೋರು ಈಗಾಗ್ಲೇ ಎರಡು ಸಲ ಕೇಳವ್ರೆ, ಏನಂತೆ ಅದು ಅಂತ."

"ನಾನು ಬರೀತೀನಿ ಅಪ್ಪಾ" ಎಂದಳು ಹುಡುಗಿ, ನಿಂತಲ್ಲಿಂದಲೇ.

"ಸುಮ್ಕಿರು."

ಅವಳು ನನ್ನ ಕಡೆ ತಿರುಗಿ, "ಆ ಕವರ್‌ಗಳನ್ನ ಏನ್ ಮಾಡಿದ್ರಿ ಮೇಡಂ?" ಎಂದು ಕೇಳಿದಳು.

"ಬೀರುವಿನಲ್ಲಿವೆ. ಬೀಗ ಹಾಕಿದ್ದೀನಿ." ವಿಚಾರಣೆಯ ಕಾಗದ ಮೂರು ವರ್ಷ ಇಡಬೇಕೆಂಬುದು ನಮ್ಮ ಶಾಲೆಯ ಕ್ರಮ.

"ಎಷ್ಟಿವೆ?"

ಎಣಿಸಿದ್ದೆ. ಪರ್ಸಿನಿಂದ ಅವಳ ಹಾಲ್ ಟಿಕೆಟ್ ತೆಗೆದೆ. ಅವಳು ಒಳಗೆ ಹೋದಳು. ಹಾಲ್ ಟಿಕೆಟನ್ನು ಟೀಪಾಯಿಯ ಮೇಲಿಟ್ಟು ಬಂದೆ. ಶಾಲೆಗೆ ವಾಪಸು ಹೋಗಿ, ಬೀರು ತೆಗೆದು, ಎಲ್ಲ ಲಕೋಟೆಗಳನ್ನೂ ಹಿಂದಿನ ಅಂಗಳದಲ್ಲಿ ನಾನೇ ಸುಟ್ಟೆ. ಮೂವತ್ತೊಂದು ವರ್ಷದಲ್ಲಿ ನಾನು ಕ್ರಮ ಮುರಿದದ್ದು ಅದೊಂದೇ ಸಲ. ಅದರಿಂದ ಯಾರಿಗೂ ಉಪಯೋಗವಾಗಲಿಲ್ಲ, ಚಿತ್ರ ಫೋನುಗಳಲ್ಲಿತ್ತು.

ಪರೀಕ್ಷೆಯ ಮೊದಲ ದಿನ ಕನ್ನಡ. ನಾನು ಒಂಬತ್ತಕ್ಕೇ ಕೇಂದ್ರದ ಗೇಟಿನ ಹತ್ತಿರ ನಿಂತಿದ್ದೆ. ನಮ್ಮ ಮಕ್ಕಳು ಗುಂಪುಗುಂಪಾಗಿ ಬಂದು, "ಆಶೀರ್ವಾದ ಮಾಡಿ ಮೇಡಂ" ಎಂದು ಕಾಲಿಗೆ ಬಿದ್ದು ಒಳಗೆ ಹೋದರು. ಚಿತ್ರ ಮಾಡಿದವನೂ ಬಿದ್ದ. ಗಂಟೆ ಹೊಡೆಯಿತು. ಅರ್ಧ ಗಂಟೆಯವರೆಗೆ ತಡವಾಗಿ ಬಂದವರನ್ನು ಬಿಡುತ್ತಾರೆ. ಆ ಅರ್ಧ ಗಂಟೆಯೂ ನಿಂತೆ. ಕೇಂದ್ರದ ಮುಖ್ಯಸ್ಥರು ಬಂದು, "ಬನ್ನಿ ಮೇಡಂ, ಬಿಸಿಲಲ್ಲಿ ಯಾಕೆ ನಿಂತಿದ್ದೀರ, ಕಾಫಿ ತಗೊಳ್ಳಿ" ಎಂದು ಕರೆದರು. ಅವರ ಕೈಯಲ್ಲಿ ಹಾಜರಿಯ ಹಾಳೆಗಳಿದ್ದವು. ನಮ್ಮ ಶಾಲೆಯ ಸಾಲಿನಲ್ಲಿ ಒಂದು ಸಂಖ್ಯೆಯ ಮುಂದೆ ಕೆಂಪು ಶಾಯಿಯಲ್ಲಿ ಗೈರು ಎಂದು ಬರೆದಿತ್ತು. ಉಳಿದ ಐದು ದಿನವೂ ಹಾಗೆಯೇ ಬರೆದರು.

ಪೂರಕ ಪರೀಕ್ಷೆಯ ಅರ್ಜಿಯನ್ನು ಸಹಿಗೆಂದು ಅವಳ ಮನೆಗೆ ಕಳಿಸಿದೆ, ವಾಪಸು ಬರಲಿಲ್ಲ. ಅಂಜನಾಪುರದಲ್ಲಿ ಸೋದರತ್ತೆಯ ಮನೆಗೆ ಅವಳನ್ನು ಕಳಿಸಿದ್ದಾರೆ ಎಂದು ಯಾರೋ ಹೇಳಿದರು. ಅದಕ್ಕಿಂತ ಹೆಚ್ಚು ನನಗೆ ಗೊತ್ತಿಲ್ಲ. ಗೊತ್ತುಮಾಡಿಕೊಳ್ಳುವ ಹಕ್ಕು ನನಗಿದೆ ಎಂದೂ ಅನ್ನಿಸಲಿಲ್ಲ.

ಜೂನಿನಲ್ಲಿ ಪತ್ರವನ್ನು ಮತ್ತೆ ಬರೆದೆ. ಈ ಸಲ ನಾಲ್ಕನೆಯದು ಹೀಗಿತ್ತು: ಇಂಥ ಚಿತ್ರ ಕಂಡರೆ ಯಾರೂ ಅದನ್ನು ಮುದ್ರಿಸಬಾರದು, ನಕಲು ಮಾಡಬಾರದು, ಇನ್ನೊಬ್ಬರಿಗೆ ತೋರಿಸಬಾರದು, ಮಗುವಿನ ಹೆಸರು ಹಿಡಿದು ಮಾತಾಡಬಾರದು, ಕಂಡಿದ್ದೇವೆ ಎಂದು ಕಛೇರಿಗೆ ಬಾಯಿಮಾತಿನಲ್ಲಿ ತಿಳಿಸಿದರೆ ಸಾಕು, ಮುಂದಿನದನ್ನು ಶಾಲೆಯೇ ನೋಡಿಕೊಳ್ಳುತ್ತದೆ. ಮೊದಲು ಆ ಮಗುವಿನ ಪೋಷಕರನ್ನು ನಾವೇ ಕಂಡು, ಮೂಲ ಫೈಲನ್ನು ತೋರಿಸುತ್ತೇವೆ. ಆರನೆಯದಾಗಿ, ಮಕ್ಕಳ ಫೋಟೋಗಳು ಕಳೆದ ವರ್ಷ ಶಾಲೆಯ ಲ್ಯಾಬಿನಲ್ಲಿ ಬೀಗವಿಲ್ಲದೆ ಇದ್ದವು, ಅದು ನಮ್ಮ ತಪ್ಪು ಎಂದು ಸೇರಿಸಿದೆ. ಪುಟ ದಾಟಿತು. ದಾಟಲಿ ಎಂದು ಬಿಟ್ಟೆ. ಜೆ.ಪಿ. ನಗರದ ಎರಡು ಶಾಲೆಯವರು ಬಹಳ ಚೆನ್ನಾಗಿದೆ ಎಂದು ಹೇಳಿ ಆ ಪತ್ರದ ಪ್ರತಿ ತರಿಸಿಕೊಂಡರು.

ಅಚ್ಚಿಗೆ ಕಳಿಸುವ ಮೊದಲು ಅದನ್ನು ಕಂಪ್ಯೂಟರ್ ಟೀಚರಿಗೆ ಕೊಟ್ಟಿದ್ದೆ. ಅವಳು ನಿಂತುಕೊಂಡೇ ಓದಿದಳು. ನಾಲ್ಕನೆಯದನ್ನು ಎರಡು ಸಲ ಓದಿದ್ದು ಕಂಡಿತು.

"ಈಗ ಸರಿ ಐತ್ರೀ ಮೇಡಂ" ಎಂದಳು. ಹಾಳೆಯನ್ನು ಮೇಜಿನ ಮೇಲಿಟ್ಟು, ಗಂಟೆ ಹೊಡೆದದ್ದರಿಂದ ಕ್ಲಾಸಿಗೆ ಹೋದಳು.